ತಿರಸ್ಕೃತ ವೆಚ್ಚ ಎಲ್ಲಿ ಸೇರಬೇಕು? ಹಣ ಬಳಕೆ ಪ್ರಮಾಣಪತ್ರದ ಅಂತಿಮ ಶಿಲ್ಕನ್ನು ಕುರಿತು

ಕೇಂದ್ರ ಸರ್ಕಾರದ ಅನುದಾನ ಪಡೆದ ಸ್ವಯಂಸೇವಾ ಸಂಸ್ಥೆಗಳು ಸಲ್ಲಿಸುವ ಹಣ ಬಳಕೆ ಪ್ರಮಾಣಪತ್ರವನ್ನು ಕಚೇರಿಗಳಲ್ಲಿ ‘ಯೂಸಿ’ ಎಂದೇ ಕರೆಯುತ್ತಾರೆ. ಅದನ್ನು ತುಂಬುವ ವಿಧಾನದ ಬಗ್ಗೆ ಹೆಚ್ಚಿನ ತಕರಾರಿಲ್ಲ. 2017ರ ಸಾಮಾನ್ಯ ಹಣಕಾಸು ನಿಯಮಗಳು 12-ಎ ಎಂಬ ನಮೂನೆಯನ್ನು ಕೊಟ್ಟಿವೆ. ಆರಂಭ ಶಿಲ್ಕು, ಅದರ ಮೇಲಿನ ಬಡ್ಡಿ, ವರ್ಷದಲ್ಲಿ ಬಂದ ಅನುದಾನ, ಆದ ವೆಚ್ಚ, ಅಂತಿಮ ಶಿಲ್ಕು ಈ ಕ್ರಮದಲ್ಲಿ ಅದು ಸಾಗುತ್ತದೆ. ಹಣಕಾಸು ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಸಲ್ಲಿಸಬೇಕು ಎನ್ನುತ್ತದೆ 238ನೇ ನಿಯಮ. ಬಡ್ಡಿಯನ್ನು ಲೆಕ್ಕಪತ್ರ ಅಂತಿಮಗೊಂಡ ಕೂಡಲೇ ಭಾರತದ ಸಂಚಿತ ನಿಧಿಗೆ ಕಟ್ಟಬೇಕು, ಮುಂದಿನ ಕಂತಿಗೆ ಹೊಂದಿಸಿಕೊಳ್ಳುವಂತಿಲ್ಲ ಎನ್ನುತ್ತದೆ 230(8)ನೇ ನಿಯಮ. ಇಷ್ಟರ ಮಟ್ಟಿಗೆ ಎಲ್ಲರೂ ಒಂದೇ ಮಾತು.

ಒಮ್ಮತ ತಪ್ಪುವುದು ಒಂದು ಪ್ರಶ್ನೆಯಲ್ಲಿ. ಸಂಸ್ಥೆ ಖರ್ಚು ಮಾಡಿದೆ, ಇಲಾಖೆ ಒಪ್ಪಿಲ್ಲ. ಆ ಮೊತ್ತ ವೆಚ್ಚದ ಕಾಲಮಿನಲ್ಲೇ ಉಳಿಯಬೇಕೋ, ಶಿಲ್ಕಿಗೆ ಮರಳಬೇಕೋ? ಆಡಿಟರುಗಳ ನಡುವೆ ಚಾಲ್ತಿಯಲ್ಲಿರುವ ಅಭಿಪ್ರಾಯ ಹೀಗಿದೆ: ಹಣ ಬ್ಯಾಂಕಿನಿಂದ ಹೊರಗೆ ಹೋಗಿದೆ, ವೋಚರ್ ಇದೆ, ಆದ್ದರಿಂದ ಅದು ವೆಚ್ಚ. ಬ್ಯಾಂಕಿನಲ್ಲಿ ಇಲ್ಲದ ಹಣವನ್ನು ಶಿಲ್ಕೆಂದು ಬರೆಯುವುದು ಸುಳ್ಳು. ಇಲಾಖೆಯ ಆಕ್ಷೇಪಣೆಯನ್ನು ಅಡಿಟಿಪ್ಪಣಿಯಲ್ಲಿ ಹೇಳಿದರೆ ಸಾಕು. ಈ ನಿಲುವಿನಲ್ಲಿ ಒಂದು ಪ್ರಾಮಾಣಿಕತೆ ಇದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಅದು ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ವಾದಕ್ಕಾಗಿ ಒಂದು ಮಾದರಿಯನ್ನು ಕಟ್ಟಿಕೊಳ್ಳೋಣ. ಹೊಲಿಗೆ ತರಬೇತಿ ನಡೆಸುವ ಒಂದು ಸಂಸ್ಥೆಗೆ 2023-24ರಲ್ಲಿ 24,00,000 ರೂಪಾಯಿ ಅನುದಾನ ಬಂತು. ಆರಂಭ ಶಿಲ್ಕಿಲ್ಲ. ಉಳಿತಾಯ ಖಾತೆಯಲ್ಲಿ 36,000 ರೂ. ಬಡ್ಡಿ ಜಮೆಯಾಯಿತು. ಪುಸ್ತಕದ ಪ್ರಕಾರ ವೆಚ್ಚ 19,50,000 ರೂ. ಇದಲ್ಲದೆ ಹೊಲಿಗೆ ಯಂತ್ರಗಳಿಗೆಂದು ವ್ಯಾಪಾರಿಗೆ ಕೊಟ್ಟ ಮುಂಗಡ 1,50,000 ರೂ.; ಮಾರ್ಚ್ 31ಕ್ಕೆ ಯಂತ್ರಗಳು ಬಂದಿರಲಿಲ್ಲ. ಹಾಗಾಗಿ ಅಂದು ಬ್ಯಾಂಕಿನಲ್ಲಿ ಇದ್ದದ್ದು 3,36,000 ರೂ. 2024ರ ಜುಲೈಯಲ್ಲಿ ಯೂಸಿ ಹೋಯಿತು, ಸೆಪ್ಟೆಂಬರಿನಲ್ಲಿ ವಾರ್ಷಿಕ ಲೆಕ್ಕಪತ್ರಕ್ಕೆ ಸಹಿ ಬಿತ್ತು. ನವೆಂಬರಿನಲ್ಲಿ ಇಲಾಖೆಯ ಪತ್ರ ಬಂತು: 2,10,000 ರೂ. ಒಪ್ಪಲಾಗುವುದಿಲ್ಲ.

ಪತ್ರದಲ್ಲಿ ಮೂರು ಬಾಬುಗಳಿದ್ದವು. ಸಂಯೋಜಕರ ಅರ್ಧ ಸಂಬಳಕ್ಕೆ ಮಾತ್ರ ಮಂಜೂರಾತಿ ಇದ್ದರೂ ಪೂರ್ತಿ ಸಂಬಳವನ್ನು ಯೋಜನೆಗೆ ಹಾಕಿದ್ದರಿಂದ 1,20,000 ರೂ. ಹೆಚ್ಚಾಗಿತ್ತು. 65,000 ರೂಪಾಯಿಯ ಲ್ಯಾಪ್‌ಟಾಪಿನ ಬಿಲ್ಲು ಜೂನ್ 2ರದು, ಮಂಜೂರಾತಿ ಆದೇಶ ಜೂನ್ 14ರದು. ವಾಹನ ಬಾಡಿಗೆಯ 25,000 ರೂಪಾಯಿಗೆ ಇದ್ದದ್ದು ರೆವೆನ್ಯೂ ಸ್ಟಾಂಪಿನ ಮೇಲೆ ಸಹಿ ಮಾಡಿದ ನಗದು ವೋಚರ್ ಮಾತ್ರ. ಗಾಡಿಯ ನಂಬರಿಲ್ಲ, ಎಲ್ಲಿಂದ ಎಲ್ಲಿಗೆಂದಿಲ್ಲ, ದಿನಾಂಕ ಮಾತ್ರ ಮಾರ್ಚ್ 28. ಆಡಿಟ್ ನೋಡಿದವರಿಗೆ ಇಂಥ ಮಾರ್ಚ್ 28ಗಳು ಹೊಸವಲ್ಲ.

ಚಾಲ್ತಿಯ ಅಭಿಪ್ರಾಯದಂತೆ ಬರೆದರೆ ವೆಚ್ಚ 19,50,000, ಅಂತಿಮ ಶಿಲ್ಕು ಬ್ಯಾಂಕು ಮತ್ತು ಮುಂಗಡ ಸೇರಿ 4,86,000 ರೂ. ಇದಕ್ಕೆ ವಿರುದ್ಧವಾಗಿ ನಮೂನೆಯೊಳಗೇ ಒಂದು ಸಾಕ್ಷ್ಯವಿದೆ. ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. 238ನೇ ನಿಯಮದ ಪ್ರಕಾರ, ಸರಕು ಪೂರೈಸುವವರಿಗೆ ಅಥವಾ ಕಟ್ಟಡ ಕಟ್ಟುವವರಿಗೆ ಕೊಟ್ಟ ಮುಂಗಡ ಆ ಹಂತದಲ್ಲಿ ವೆಚ್ಚವಲ್ಲ. ಅದನ್ನು ಪ್ರತ್ಯೇಕವಾಗಿ ತೋರಿಸಬೇಕು, ಬಳಕೆಯಾಗದ ಅನುದಾನವೆಂದೇ ಪರಿಗಣಿಸಬೇಕು. 12-ಎ ನಮೂನೆಯೂ ಅನುದಾನದ ಸ್ಥಿತಿಯನ್ನು ಹೇಳುವಾಗ ‘ಕೈಯಲ್ಲಿ/ಬ್ಯಾಂಕಿನಲ್ಲಿ ಇರುವ ನಗದು’ ಎಂಬ ಸಾಲಿನ ಕೆಳಗೆ ‘ಹೊಂದಾಣಿಕೆಯಾಗದ ಮುಂಗಡ’ ಎಂಬ ಇನ್ನೊಂದು ಸಾಲನ್ನು ಇಟ್ಟಿದೆ. ಅಂದರೆ ಬ್ಯಾಂಕಿನಿಂದ ಹೊರಟುಹೋದ ಹಣವೂ ಶಿಲ್ಕಿನ ಭಾಗವಾಗಿರಬಹುದು ಎಂಬುದನ್ನು ನಿಯಮ ಆಗಲೇ ಒಪ್ಪಿಕೊಂಡಿದೆ. ಅಂತಿಮ ಶಿಲ್ಕು ಬ್ಯಾಂಕ್ ಶಿಲ್ಕೇ ಆಗಿರಬೇಕೆಂಬ ಊಹೆ ನಿಯಮದಲ್ಲಿ ಇಲ್ಲ, ನಮ್ಮ ರೂಢಿಯಲ್ಲಿದೆ.

ಹಾಗಾದರೆ ಅಂತಿಮ ಶಿಲ್ಕು ಏನನ್ನು ಅಳೆಯುತ್ತದೆ? ನನ್ನ ಓದಿನಲ್ಲಿ, ಸಂಸ್ಥೆ ಇಲಾಖೆಗೆ ಇನ್ನೂ ಎಷ್ಟಕ್ಕೆ ಲೆಕ್ಕ ಒಪ್ಪಿಸಬೇಕಿದೆ ಎಂಬುದನ್ನು. ಬಂದ ಅನುದಾನಕ್ಕೆ ಬಡ್ಡಿಯನ್ನು ಕೂಡಿಸಿ, ಮಂಜೂರಾತಿಯ ಷರತ್ತುಗಳಿಗೆ ಹೊಂದುವ ವೆಚ್ಚವನ್ನು ಕಳೆಯಬೇಕು. ಮಾದರಿಯಲ್ಲಿ ಅಂಗೀಕೃತ ವೆಚ್ಚ 17,40,000 ರೂ. 24,36,000ದಲ್ಲಿ ಅದನ್ನು ಕಳೆದರೆ ಶಿಲ್ಕು 6,96,000. ಈ ಮೊತ್ತ ಎಲ್ಲಿದೆ ಎಂಬುದನ್ನು ಹೀಗೆ ಬಿಡಿಸಿ ತೋರಿಸಬೇಕು:

| ಅಂತಿಮ ಶಿಲ್ಕಿನ ವಿವರ | ರೂ. |
|---|---|
| ಬ್ಯಾಂಕಿನಲ್ಲಿ (ಬಡ್ಡಿ 36,000 ಸೇರಿ) | 3,36,000 |
| ಹೊಂದಾಣಿಕೆಯಾಗದ ಮುಂಗಡ | 1,50,000 |
| ಸಂಸ್ಥೆಯ ಸ್ವಂತ ನಿಧಿಯಿಂದ ತುಂಬಬೇಕಾದದ್ದು | 2,10,000 |
| ಒಟ್ಟು | 6,96,000 |

ಮೂರನೆಯ ಸಾಲು ನಮೂನೆಯಲ್ಲಿಲ್ಲ. ಅದನ್ನು ಅನುಬಂಧವಾಗಿ ಸೇರಿಸಿ, ಮೂಲ ನಮೂನೆಯಲ್ಲಿ ಅದರ ಉಲ್ಲೇಖ ಕೊಡಬೇಕೆಂಬುದು ನನ್ನ ಸೂಚನೆ. ಸುಳ್ಳಿನ ಆರೋಪಕ್ಕೂ ಇದರಲ್ಲೇ ಉತ್ತರವಿದೆ. 6,96,000ವನ್ನು ಬ್ಯಾಂಕ್ ಶಿಲ್ಕೆಂದು ಬರೆದರೆ ಅದು ಸುಳ್ಳು, ಹೀಗೆ ಬಿಡಿಸಿ ಬರೆದರೆ ಅಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ಮುಂಗಡ ಇಂದಲ್ಲ ನಾಳೆ ಯಂತ್ರವಾಗಿ ಬರುತ್ತದೆ, ಇಲ್ಲವೆ ವ್ಯಾಪಾರಿಯಿಂದ ವಾಪಸಾಗುತ್ತದೆ. ತಿರಸ್ಕೃತ ಸಂಬಳ ಯಾರಿಂದ ವಾಪಸಾಗಬೇಕು? ಸಂಯೋಜಕರು ಕೆಲಸ ಮಾಡಿದ್ದಾರೆ, ಸಂಬಳ ಪಡೆದಿದ್ದಾರೆ. ಇಲ್ಲದ ಆಸ್ತಿಯನ್ನು ಶಿಲ್ಕಿನಲ್ಲಿ ತೋರಿಸಿದಂತಾಗಲಿಲ್ಲವೆ? ನನ್ನ ಉತ್ತರ: ಸಾಲಗಾರ ಸಂಸ್ಥೆಯೇ. ಯೋಜನೆಯ ಪುಸ್ತಕದಲ್ಲಿ ‘ಸಾಮಾನ್ಯ ನಿಧಿಯಿಂದ ಬರಬೇಕಾದದ್ದು’ ಎಂದು ಬರೆದರೆ, ಸಾಮಾನ್ಯ ನಿಧಿಯ ಪುಸ್ತಕದಲ್ಲಿ ಅಷ್ಟೇ ಮೊತ್ತ ‘ಯೋಜನೆಗೆ ಕೊಡಬೇಕಾದದ್ದು’ ಎಂದು ಬೀಳುತ್ತದೆ. ಸಂಸ್ಥೆಯ ಒಟ್ಟು ಆಸ್ತಿ-ಹೊಣೆ ಪಟ್ಟಿಯಲ್ಲಿ ಇವೆರಡೂ ಪರಸ್ಪರ ವಜಾ ಆಗುತ್ತವೆ. ಉಳಿಯುವುದು ಇಲಾಖೆಯ ಕಡೆಗಿನ ಹೊಣೆ ಮತ್ತು ಸಾಮಾನ್ಯ ನಿಧಿಯಲ್ಲಿ 2,10,000 ರೂಪಾಯಿಯ ಕೊರತೆ. ಸಂಬಳದ ಹೆಚ್ಚುವರಿಯನ್ನು ನಿಜವಾಗಿ ಹೊತ್ತವರು ಯಾರೆಂಬುದು ಆಗ ಸ್ಪಷ್ಟವಾಗುತ್ತದೆ.

ಈ ಮಾತನ್ನು ಕೆಲವು ಮಿತಿಗಳೊಡನೆ ಹೇಳಬೇಕು. ಸಾಮಾನ್ಯ ನಿಧಿಯೇ ಬರಿದಾಗಿದ್ದರೆ ಮೂರನೆಯ ಸಾಲು ಕಾಗದದ ಮೇಲಿನ ಹಕ್ಕಷ್ಟೇ. ಆಗ ಎಂದು, ಯಾವ ಮೂಲದಿಂದ ತುಂಬಲಾಗುವುದು ಎಂಬ ಆಡಳಿತ ಮಂಡಳಿಯ ಠರಾವಿಲ್ಲದೆ ಆ ಸಾಲನ್ನು ಬರೆಯಬಾರದು. ಎರಡನೆಯದಾಗಿ, ಎಲ್ಲ ತಿರಸ್ಕಾರವೂ ಅಂತಿಮವಲ್ಲ. ಲ್ಯಾಪ್‌ಟಾಪಿನ ದಿನಾಂಕ ಬದಲಾಗದು, ಅದನ್ನು ಒಪ್ಪಿಕೊಳ್ಳುವುದೇ ಸರಿ. ಆದರೆ ಸಂಯೋಜಕರು ಪೂರ್ಣಾವಧಿ ಈ ಯೋಜನೆಯಲ್ಲೇ ಇದ್ದರೆಂದು ಹಾಜರಿ ಪುಸ್ತಕ ತೋರಿಸಿದರೆ ಇಲಾಖೆ ಶೀರ್ಷಿಕೆಗಳ ನಡುವಿನ ಮರುಹಂಚಿಕೆಗೆ ಒಪ್ಪಬಹುದು. ಹಾಗೆ ಪತ್ರವ್ಯವಹಾರ ನಡೆದಿರುವಾಗ ಆ 1,20,000 ರೂಪಾಯಿಯನ್ನು ‘ವಿವಾದದಲ್ಲಿರುವುದು’ ಎಂದು ಬೇರೆ ತೋರಿಸಬೇಕೇ ಹೊರತು ಅಂಗೀಕೃತ ವೆಚ್ಚದಲ್ಲಿ ಇಟ್ಟುಕೊಳ್ಳಬಾರದು. ವಾರ್ಷಿಕ ಲೆಕ್ಕದಲ್ಲಿ ಅದು ಹೊಣೆಯಾಗಿ ಬೀಳಬೇಕೋ, ಟಿಪ್ಪಣಿಯಲ್ಲಿ ಸಂಭಾವ್ಯ ಹೊಣೆಯಾಗಿ ಉಳಿಯಬೇಕೋ ಎಂಬುದು ಲೆಕ್ಕಪತ್ರ ಮಾನದಂಡ 29ರ ಪ್ರಕಾರ, ಹಣ ಕಟ್ಟಬೇಕಾಗಿ ಬರುವ ಸಾಧ್ಯತೆ ಎಷ್ಟೆಂಬುದರ ಮೇಲೆ ನಿಂತಿದೆ.

ಇನ್ನು ಯಾವ ವರ್ಷದಲ್ಲಿ ಬರೆಯುವುದೆಂಬ ಪ್ರಶ್ನೆ. ಪತ್ರ ಬರುವ ಹೊತ್ತಿಗೆ 2023-24ರ ಲೆಕ್ಕಪತ್ರಕ್ಕೆ ಸಹಿಯಾಗಿತ್ತು. ಅದನ್ನು ತೆರೆಯಬೇಕಿಲ್ಲ. ಸರ್ಕಾರಿ ಅನುದಾನದ ಲೆಕ್ಕಪತ್ರ ಮಾನದಂಡ 12 ಹೇಳುವುದು ಮರುಪಾವತಿಗೆ ಬಂದ ಅನುದಾನವನ್ನು ಕುರಿತು: ಆದಾಯ ಸ್ವರೂಪದ ಅನುದಾನವಾದರೆ ಮೊದಲು ಇನ್ನೂ ಆದಾಯಕ್ಕೆ ತೆಗೆದುಕೊಳ್ಳದ ಜಮೆಯಿಂದ ಕಳೆಯಬೇಕು, ಮಿಕ್ಕದ್ದನ್ನು ಆದಾಯ-ವೆಚ್ಚ ಖಾತೆಗೆ ಹಾಕಬೇಕು. ಸಂಬಳ ಮತ್ತು ಬಾಡಿಗೆಯ ಮಟ್ಟಿಗೆ ಅದು 2024-25ರಲ್ಲಿ ಆಗಲಿ. ಲ್ಯಾಪ್‌ಟಾಪು ಆಸ್ತಿಯಾದ್ದರಿಂದ ಕೈಬಿಡುವುದಿಲ್ಲ. ಯೋಜನೆಯ ಆಸ್ತಿ ದಾಖಲೆಯಿಂದ ಸಂಸ್ಥೆಯ ಸ್ವಂತ ದಾಖಲೆಗೆ ಹೋಗುತ್ತದೆ. ಆದರೆ ಯೂಸಿಯ ಸ್ವರೂಪವೇ ಬೇರೆ. ಅದು ಇಲಾಖೆಯ ಮುಂದೆ ಇಟ್ಟ ಒಂದು ನಿವೇದನೆ, ಕಾಲಾವಕಾಶ 2025ರ ಮಾರ್ಚ್ 31ರವರೆಗೂ ಇದೆ. ಆದ್ದರಿಂದ ‘ಪರಿಷ್ಕೃತ’ ಎಂದು ಬರೆದು, ಹಿಂದಿನ ಯೂಸಿಯ ದಿನಾಂಕವನ್ನೂ ಇಲಾಖೆಯ ಪತ್ರದ ಸಂಖ್ಯೆಯನ್ನೂ ನಮೂದಿಸಿ ಮತ್ತೆ ಸಲ್ಲಿಸುವುದು ಯುಕ್ತ. ಸಹಿಯಾದ ಲೆಕ್ಕಕ್ಕೂ ಪರಿಷ್ಕೃತ ಯೂಸಿಗೂ 2,10,000 ರೂಪಾಯಿಯ ಅಂತರ ಕಾಣುತ್ತದೆ. ಅದನ್ನು ವಿವರಿಸುವ ತಾಳೆಪಟ್ಟಿಯೊಂದನ್ನು ಲಗತ್ತಿಸಬೇಕು. ಅಂತರವನ್ನು ಮುಚ್ಚಲು ಹೊಸ ವೋಚರುಗಳನ್ನು ಹುಡುಕಿ ತುಂಬುವ ಅಭ್ಯಾಸವೂ ಇದೆ. ಅದರ ಬಗ್ಗೆ ವಾದಿಸುವ ಅಗತ್ಯ ನನಗೆ ಕಂಡಿಲ್ಲ.

ಮುಂದಿನ ಕಂತಿನಲ್ಲಿ 2,10,000 ಕಳೆದು ಕೊಡಿ ಎಂದು ಕೇಳುವ ಸಂಸ್ಥೆಗಳಿವೆ. ಇಲಾಖೆ ಒಪ್ಪಿದರೂ ಸಮಸ್ಯೆ ಮುಗಿಯುವುದಿಲ್ಲ. ಹೊಸ ವರ್ಷದ ಕಾರ್ಯಕ್ರಮ ಪೂರ್ತಿ ಬಜೆಟ್ಟಿನದು, ಕೈಗೆ ಬರುವ ಹಣ ಮಾತ್ರ ಕಡಿಮೆ. ಸ್ವಂತ ನಿಧಿಯಿಂದ ಯೋಜನೆಯ ಖಾತೆಗೆ ಹಣ ಹಾಕದಿದ್ದರೆ ಕೊರತೆ ಮುಂದಕ್ಕೆ ಸರಿಯುತ್ತ ಹೋಗಿ ಫೆಬ್ರುವರಿ, ಮಾರ್ಚಿನ ಸಂಬಳ ಬಾಕಿಯಾಗಿ ಹೊರಬೀಳುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ: ಹಿಂದಿನ ಯೂಸಿಯ ಅಂತಿಮ ಶಿಲ್ಕನ್ನು ಈ ವರ್ಷದ ಆರಂಭ ಶಿಲ್ಕಿನೊಂದಿಗೆ ತಾಳೆ ನೋಡಿ, ಮೂರನೆಯ ಸಾಲಿನ ಮೊತ್ತ ಯೋಜನೆಯ ಪಾಸ್‌ಬುಕ್ಕಿನಲ್ಲಿ ಜಮೆಯಾಗಿ ಕಾಣುತ್ತದೆಯೇ ಎಂದು ನೋಡಬೇಕು. ಹಾಗೆ ಜಮೆಯಾದ ದಿನ ಆ ಸಾಲು ಬ್ಯಾಂಕ್ ಶಿಲ್ಕಿನಲ್ಲಿ ಲೀನವಾಗುತ್ತದೆ. 36,000 ರೂಪಾಯಿಯ ಬಡ್ಡಿಯನ್ನು ಈ ಹೊಂದಾಣಿಕೆಗೆ ಎಳೆಯಬಾರದು. ಅದು ಪ್ರತ್ಯೇಕವಾಗಿ ಭಾರತಕೋಶ್ ಪೋರ್ಟಲಿನ ಮೂಲಕ ಸಂಚಿತ ನಿಧಿಗೆ ಹೋಗಬೇಕಾದ ಹಣ.

ಈ ವಾದ ದೇಶೀಯ ಅನುದಾನಕ್ಕೆ ಸೀಮಿತ. ದಾನಿ ವಿದೇಶದವರಾದರೆ ಮೂರನೆಯ ಸಾಲೇ ತೊಡಕಾಗುತ್ತದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಆ ಕಾಯ್ದೆಯಡಿ ತೆರೆದ ಖಾತೆಗೆ ವಿದೇಶಿ ದೇಣಿಗೆಯ ಹೊರತು ಬೇರೆ ಹಣ ಜಮೆಯಾಗುವಂತಿಲ್ಲ. ತಿರಸ್ಕೃತ ಮೊತ್ತವನ್ನು ಸ್ಥಳೀಯ ದೇಣಿಗೆಯಿಂದ ಆ ಖಾತೆಗೆ ತುಂಬಲು ಹೊರಟ ಸಂಸ್ಥೆ ಒಂದು ಲೆಕ್ಕವನ್ನು ಸರಿಪಡಿಸಲು ಹೋಗಿ ಕಾಯ್ದೆಯನ್ನು ಮುರಿದಂತಾಗುತ್ತದೆ. ಅಷ್ಟೇ ಮೌಲ್ಯದ ಯೋಜನಾ ವೆಚ್ಚವನ್ನು ಸ್ಥಳೀಯ ಖಾತೆಯಿಂದ ನೇರವಾಗಿ ಭರಿಸಿ, ದಾನಿಯ ಲಿಖಿತ ಒಪ್ಪಿಗೆಯೊಡನೆ ಅದನ್ನು ತುಂಬಿಕೊಟ್ಟದ್ದೆಂದು ಪರಿಗಣಿಸುವುದು ಒಂದು ದಾರಿ ಇರಬಹುದು. ಆಗ ಆ ವೆಚ್ಚ ವಿದೇಶಿ ದೇಣಿಗೆಯ ವಾರ್ಷಿಕ ವಿವರಪಟ್ಟಿಯಲ್ಲಿ ಕಾಣುವುದಿಲ್ಲ, ದಾನಿಗೆ ಕೊಟ್ಟ ಪಟ್ಟಿಯಲ್ಲಿ ಕಾಣುತ್ತದೆ. ಈ ಎರಡು ಪಟ್ಟಿಗಳನ್ನು ಯಾವ ರೂಪದಲ್ಲಿ ತಾಳೆ ಮಾಡಿ ತೋರಿಸಬೇಕೆಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗಿದೆ.