ಮೂಳೆ ಕೂಡಿದರೂ ಕೈ ಉರಿ ನಿಲ್ಲುತ್ತಿಲ್ಲವೇ? ಕಾರಣ ಇದಿರಬಹುದು

ಅರಳಸುರಳಿ: ತೋಟದಲ್ಲಿ ಜಾರಿಬಿದ್ದು ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು ಎಂದುಕೊಳ್ಳಿ. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು, ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ. ಆದರೂ ಕೈ ಬೆಂಕಿ ತಾಗಿದಂತೆ ಉರಿಯುತ್ತೆ, ಊದಿಕೊಂಡು ಒಮ್ಮೆ ಕೆಂಪು, ಒಮ್ಮೆ ನೀಲಿಯಾಗುತ್ತೆ. ಅಂಗಿ ತೋಳು ಸೋಕಿದರೂ ತಡೆಯೋಕಾಗಲ್ಲ.

ಇದಕ್ಕೆ ವೈದ್ಯರು ‘ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್’ ಅಂತಾರೆ. ಗಾಯ ಮಾಗಿದರೂ ನರಗಳು ನೋವಿನ ಸಂದೇಶ ಕಳಿಸುತ್ತಲೇ ಇರುತ್ತವೆ. ಇದು ಮನಸ್ಸಿನ ಭ್ರಮೆಯಲ್ಲ. ಇದನ್ನು ತೋರಿಸುವ ಒಂದೇ ಪರೀಕ್ಷೆ ಎಂಬುದಿಲ್ಲ. ಸೋಂಕು, ರಕ್ತ ಹೆಪ್ಪುಗಟ್ಟಿರುವುದು ಇಲ್ಲವೆಂದು ನೋಡಿ, ಎರಡೂ ಕೈ ಹೋಲಿಸಿ ವೈದ್ಯರು ತೀರ್ಮಾನಿಸುತ್ತಾರೆ.

ನೋವೆಂದು ಕೈ ಆಡಿಸದೇ ಇಟ್ಟರೆ ಬೆರಳು ಬಿಗಿದು ಹೋಗುತ್ತೆ. ಮಾತ್ರೆಯ ಜೊತೆಗೆ ಫಿಸಿಯೋಥೆರಪಿಯೇ ಮುಖ್ಯ: ದಿನಾ ಸ್ವಲ್ಪಸ್ವಲ್ಪ ಬೆರಳು ಆಡಿಸುವುದು, ಮೊದಲು ಹತ್ತಿ, ಆಮೇಲೆ ಟವೆಲ್ ಸೋಕಿಸಿ ಚರ್ಮಕ್ಕೆ ರೂಢಿ ಮಾಡಿಸುವುದು. ಬೇಗ ಶುರು ಮಾಡಿದಷ್ಟೂ ಒಳ್ಳೆಯದು.