ನೀಲಿ ಹಾಳೆಯ ಸಾಕ್ಷ್ಯ: ಮೀಟರ್ ಇಲ್ಲದೆ ಟಿವಿಯ ಬಣ್ಣ ಹೊಂದಿಸುವ ಒಂದು ವಿಧಾನದ ಮರುಪರಿಶೀಲನೆ

ಎವಿಎಸ್ ಎಚ್‌ಡಿ 709ರಂಥ ಉಚಿತ ಪರೀಕ್ಷಾ ಚಿತ್ರಗಳಿಂದ ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್ ಹೊಂದಿಸುವ ಕ್ರಮದ ಬಗ್ಗೆ ಈಗ ಹೆಚ್ಚಿನ ತಕರಾರಿಲ್ಲ. 8 ಬಿಟ್ ವಿಡಿಯೋದಲ್ಲಿ ಕಪ್ಪಿನ ಮಟ್ಟ 16, ಬಿಳಿಯ ಮಟ್ಟ 235. ಕತ್ತಲೆ ಕೋಣೆಯಲ್ಲಿ 17ನೆಯ ಪಟ್ಟಿ ಇದೆಯೋ ಇಲ್ಲವೋ ಎಂಬಂತೆ ಕಾಣುವಷ್ಟಕ್ಕೆ ಬ್ರೈಟ್‌ನೆಸ್ ನಿಲ್ಲಿಸಬೇಕು. ಕಾಂಟ್ರಾಸ್ಟನ್ನು 234ರವರೆಗಿನ ಪಟ್ಟಿಗಳು ಒಂದರಿಂದೊಂದು ಬೇರೆಯಾಗಿ ಉಳಿಯುವವರೆಗೆ ಮಾತ್ರ ಏರಿಸಬೇಕು. ಬಿಳಿಯ ಸಮೀಪದ ಪಟ್ಟಿಗಳಿಗೆ ಬಣ್ಣದ ಛಾಯೆ ಹತ್ತಿದರೆ ಮೂರರಲ್ಲೊಂದು ವರ್ಣ ಉಳಿದವಕ್ಕಿಂತ ಮೊದಲೇ ತನ್ನ ಮಿತಿ ಮುಟ್ಟಿದೆ ಎಂದರ್ಥ, ಆಗ ಕಾಂಟ್ರಾಸ್ಟ್ ಇಳಿಸಬೇಕು.

ಬೂದುಮಟ್ಟಗಳ ವಿಚಾರದಲ್ಲೂ ಹೇಳಬೇಕಾದದ್ದು ಸ್ವಲ್ಪವೇ. ಪ್ರಮಾಣಿತ ಬಿಳಿ ಡಿ65. ಅದನ್ನು ಬರಿಗಣ್ಣಿನಿಂದ ನಿರ್ಧರಿಸಲಾಗದು. ಎದುರಿಗಿರುವ ಬಿಳಿಗೆ ಕಣ್ಣು ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ಹೀಗಾಗಿ ‘ವಾರ್ಮ್’ ಆಯ್ಕೆಯನ್ನು ಇಟ್ಟು ಮುಂದುವರಿಯುವುದೇ ಜಾಣತನ. ಆದರೆ ಅಕ್ಕಪಕ್ಕದ ಎರಡು ಬೂದು ಮೆಟ್ಟಿಲುಗಳಲ್ಲಿ ಒಂದು ಕೆಂಪಗೆ, ಇನ್ನೊಂದು ನೀಲಿಯಾಗಿ ತೋರಿದರೆ ಆ ವ್ಯತ್ಯಾಸವನ್ನು ಕಣ್ಣು ಚೆನ್ನಾಗಿಯೇ ಹಿಡಿಯುತ್ತದೆ.

ನನ್ನ ಭಿನ್ನಾಭಿಪ್ರಾಯ ಇರುವುದು ಕಲರ್ ನಿಯಂತ್ರಣದ ಬಗ್ಗೆ. ಪ್ರಚಲಿತ ಸಲಹೆ ಇದು: ಬಣ್ಣದ ಪಟ್ಟಿಗಳನ್ನು ತೆರೆಯ ಮೇಲೆ ತಂದು ನೀಲಿ ಫಿಲ್ಟರ್ ಹಾಳೆಯ ಮೂಲಕ ನೋಡಿ, ಬಿಳಿ ಮತ್ತು ನೀಲಿ ಪಟ್ಟಿಗಳು ಸಮನಾಗಿ ಹೊಳೆಯುವಂತೆ ಕಲರ್ ಹೊಂದಿಸಬೇಕು. ಸಿದ್ಧಾಂತದಲ್ಲಿ ದೋಷವಿಲ್ಲ. ಶೇಕಡ 75ರ ಪಟ್ಟಿಗಳಲ್ಲಿ ಬಿಳಿಗೂ ನೀಲಿಗೂ ನೀಲಿ ಸಂಕೇತ ಒಂದೇ, 0.75. ಕಲರ್ ಏರಿಸಿದರೆ ನೀಲಿ ಪಟ್ಟಿ ಮಾತ್ರ ಬದಲಾಗುತ್ತದೆ, ಬಿಳಿ ಇದ್ದಲ್ಲೇ ಇರುತ್ತದೆ. ಆದ್ದರಿಂದ ಎರಡೂ ಸಮವಾದರೆ ಕಲರ್ ಸರಿ ಎನ್ನಬಹುದು, ಹಾಳೆ ನೀಲಿಯನ್ನು ಮಾತ್ರ ಬಿಟ್ಟರೆ.

ಈ ‘ಮಾತ್ರ’ ಎಷ್ಟು ದುಬಾರಿ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಒಂದು ಹಾಳೆ ನೀಲಿ ಬೆಳಕಿನಲ್ಲಿ ಶೇ. 40ನ್ನೂ ಹಸಿರಿನಲ್ಲಿ ಶೇ. 1ನ್ನೂ ಬಿಡುತ್ತದೆ ಎಂದಿಟ್ಟುಕೊಳ್ಳೋಣ. ಇದು ಒಳ್ಳೆಯ ಹಾಳೆಯಂತೆಯೇ ಕಾಣುತ್ತದೆ. ಆದರೆ ರೆಕ್. 709 ಪ್ರಮಾಣದಲ್ಲಿ ಹೊಳಪಿಗೆ ಹಸಿರಿನ ಪಾಲು 0.7152, ನೀಲಿಯದು 0.0722 ಮಾತ್ರ. ಹಾಗಾಗಿ ಬಿಳಿ ಪಟ್ಟಿಯಿಂದ ಹಾಳೆ ದಾಟಿ ಬರುವ ನೀಲಿ 0.0289 ಆದರೆ, ಸೋರಿದ ಹಸಿರು 0.0072. ಅಂದರೆ ಬಿಳಿ ಪಟ್ಟಿ ಇರಬೇಕಾದ್ದಕ್ಕಿಂತ ಸುಮಾರು ಶೇ. 25 ಹೆಚ್ಚು ಹೊಳೆಯುತ್ತದೆ. ಶುದ್ಧ ನೀಲಿ ಪಟ್ಟಿಯಲ್ಲಿ ಸೋರಲು ಹಸಿರೇ ಇಲ್ಲ. ನೋಡುವವರು ಇವನ್ನು ಸಮಗೊಳಿಸಲು ಕಲರ್ ಏರಿಸುತ್ತಾರೆ. ಗಾಮಾ 2.4 ಎಂದು ಹಿಡಿದರೆ ನೀಲಿ ಸಂಕೇತ 0.75ರಿಂದ 0.82ಕ್ಕೆ ಏರಬೇಕು, ಅದಕ್ಕೆ ಬಣ್ಣದ ಪ್ರಮಾಣ ಸರಿಯಾದ ಬೆಲೆಗಿಂತ ಸುಮಾರು ಶೇ. 10 ಹೆಚ್ಚಾಗಬೇಕು. ಮುಖಗಳು ಕೆಂಪೇರಿದಂತೆ ಕಾಣಲು ಅಷ್ಟು ಸಾಕು. ವಿಧಾನವನ್ನು ತಪ್ಪಿಲ್ಲದೆ ಅನುಸರಿಸಿದವರಿಗೇ ಈ ಫಲ ಸಿಗುತ್ತದೆ ಎಂಬುದು ವಿಚಿತ್ರ.

ಹಾಳೆ ಸೋರುತ್ತದೆಯೋ ಇಲ್ಲವೋ ಎಂದು ಅದೇ ಪಟ್ಟಿಗಳಿಂದ ತಿಳಿಯಬಹುದು. ಹಸಿರು ಪಟ್ಟಿಯಲ್ಲಿ ನೀಲಿ ಸಂಕೇತ ಸೊನ್ನೆ. ಹಾಳೆಯ ಮೂಲಕ ಅದು ಕಪ್ಪಾಗಿ ಕಾಣಬೇಕು. ಇಲ್ಲೊಂದು ತೊಡಕಿದೆ. ಕಲರ್ ಕಡಿಮೆಯಿದ್ದರೆ ಹಸಿರು ಪಟ್ಟಿಗೆ ನಿಜವಾಗಿಯೇ ಸ್ವಲ್ಪ ನೀಲಿ ಬೆರೆಯುತ್ತದೆ. ಆದ್ದರಿಂದ ಕಲರನ್ನು ಬೇಕೆಂದೇ ತುಸು ಏರಿಸಿ ನೋಡಬೇಕು. ಹೊಳಪು ಆರಿಹೋದರೆ ಅದು ಬಣ್ಣದ ಕೊರತೆ, ಹಾಗೆಯೇ ಉಳಿದರೆ ಸೋರಿಕೆ. ಆ ಸೋರಿಕೆ ಹಾಳೆಯದೇ ಆಗಬೇಕೆಂದಿಲ್ಲ. ಎಲ್‌ಸಿಡಿ ಫಲಕದ ಹಸಿರು ಉಪಬಿಂದುವೇ ತುಸು ನೀಲಿ ಬೆಳಕನ್ನು ಬಿಡುತ್ತಿರಬಹುದು. ದೋಷ ಯಾರದೇ ಇರಲಿ, ಆ ಜೋಡಿಯಿಂದ ಬಂದ ತೀರ್ಪು ನಂಬಲರ್ಹವಲ್ಲ.

ಇದರಿಂದ ನಾನು ಮುಂದಿಡುವ ನಿಲುವು: ಸೋರುವ ಹಾಳೆಯ ಮಾತು ಕೇಳುವುದಕ್ಕಿಂತ ಕಲರನ್ನು ತಯಾರಕರು ಕೊಟ್ಟ ಮೂಲ ಬೆಲೆಯಲ್ಲೇ ಬಿಡುವುದು ಲೇಸು. ಎಚ್‌ಡಿಎಂಐ ಮೂಲಕ ಬರುವ ಸಂಕೇತವನ್ನು ಡಿಜಿಟಲ್ ಲೆಕ್ಕದಿಂದಲೇ ಬಿಡಿಸುವ ಟಿವಿಗಳಲ್ಲಿ ‘ಸಿನಿಮಾ’ ವಿಧಾನದ ಮೂಲ ಬೆಲೆ ಸರಿಯಿರುವ ಸಂಭವವೇ ಹೆಚ್ಚು. ‘ವಿವಿಡ್’ ವಿಧಾನಕ್ಕೆ ಈ ಮಾತು ಅನ್ವಯಿಸದು, ಹಳೆಯ ಅನಲಾಗ್ ಸೆಟ್ಟುಗಳಿಗಂತೂ ಇಲ್ಲವೇ ಇಲ್ಲ. ಮೇಲಿನ ಶೇ. 10 ಕೂಡ ನಾನು ಊಹಿಸಿಕೊಂಡ ಹಾಳೆಯ ಫಲ. ಬೇರೆ ಹಾಳೆಯಲ್ಲಿ ಅದು ಬದಲಾಗುತ್ತದೆ. ದಿಕ್ಕು ಮಾತ್ರ ಬದಲಾಗದು: ಹಸಿರಿನ ಸೋರಿಕೆ ಯಾವಾಗಲೂ ಕಲರನ್ನು ಮೇಲಕ್ಕೇ ಎಳೆಯುತ್ತದೆ.

ಕೆಲವು ಟಿವಿಗಳ ಮೆನುವಿನಲ್ಲೇ ನೀಲಿಯನ್ನಷ್ಟೇ ತೋರಿಸುವ ಆಯ್ಕೆ ಇರುತ್ತದೆ. ಅಲ್ಲಿ ಹಾಳೆಯೇ ಬೇಡ, ಹೋಲಿಕೆ ನೇರವಾಗುತ್ತದೆ. ಆದರೆ ಹೆಚ್ಚು ಬಣ್ಣವ್ಯಾಪ್ತಿಯ ಫಲಕಗಳಲ್ಲಿ 709ರ ನೀಲಿಯನ್ನು ಮೂಡಿಸಲು ಹಸಿರು, ಕೆಂಪು ಉಪಬಿಂದುಗಳೂ ಸ್ವಲ್ಪ ಉರಿಯಬೇಕಾಗಬಹುದು. ಈ ಆಯ್ಕೆ ಉಳಿದ ವರ್ಣಗಳನ್ನು ಆ ಪರಿವರ್ತನೆಗೆ ಮೊದಲು ಕತ್ತರಿಸುತ್ತದೆಯೋ ಅನಂತರವೋ ಎಂಬುದರ ಮೇಲೆ ಹೋಲಿಕೆಯ ಬೆಲೆ ನಿಂತಿದೆ. ಮೀಟರ್ ಇಲ್ಲದೆ ಹೊರಗಿನಿಂದ ಅದನ್ನು ಪತ್ತೆಹಚ್ಚುವ ದಾರಿಯನ್ನು ಇನ್ನೂ ಹುಡುಕಬೇಕಾಗಿದೆ.