ದೂತ ಕಂಡ ದ್ಯೂತಸಭೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಇರುವುದು ತುಮಕೂರು ಜಿಲ್ಲೆಯಲ್ಲೇ ಆದರೂ ಶಾಲೆಯ ಲೆಕ್ಕ ಬಂದಾಗ ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗುತ್ತವೆ. ಇಲ್ಲಿನ ಹತ್ತನೆಯ ತರಗತಿಯ ಮಕ್ಕಳು ಇತ್ತೀಚಿನ ವರ್ಷಗಳಲ್ಲಿ ಕನ್ನಡ ಪಠ್ಯದಲ್ಲಿ ಓದಿರುವ ಪುರಾಣಪ್ರಸಂಗಗಳನ್ನು ನೋಡಿ. ಕುಮಾರವ್ಯಾಸನಲ್ಲಿ ಹುಟ್ಟಿನ ಗುಟ್ಟು ಕೇಳಿ ಕುಸಿದ ಕರ್ಣ, ರನ್ನನಲ್ಲಿ ಸಂಧಿಗೆ ಒಪ್ಪದ ದುರ್ಯೋಧನ, ಪಂಪನಲ್ಲಿ ಹಳೆಯ ಗೆಳೆಯನಿಂದ ಅವಮಾನ ಉಂಡ ದ್ರೋಣ, ಲಕ್ಷ್ಮೀಶನಲ್ಲಿ ಯಾಗದ ಕುದುರೆ ಕಟ್ಟಿಹಾಕಿದ ಲವ, ಪು.ತಿ.ನ. ಅವರಲ್ಲಿ ದಾರಿ ಕಾಯುವ ಶಬರಿ. ಯಾವುದರಲ್ಲೂ ಕಥೆಯ ಭಾರ ರಾಮನ ಮೇಲಾಗಲಿ ಅರ್ಜುನನ ಮೇಲಾಗಲಿ ಬಿದ್ದಿಲ್ಲ. ಪಕ್ಕದಲ್ಲಿ ನಿಂತವರ ಕಡೆಯಿಂದ ಕಥೆ ಕೇಳುವುದು ಈ ಮಕ್ಕಳಿಗೆ ಹೊಸದೇನಲ್ಲ.

ಆದರೆ ಅವರ ವಯಸ್ಸಿನವರಿಗೆಂದು ಮೊಬೈಲಿನಲ್ಲಿ ಬರುವ ಪುರಾಣಕಥೆಯ ವಿಡಿಯೊಗಳ ಸ್ಕ್ರಿಪ್ಟ್ ಬೇರೆ ದಾರಿ ಹಿಡಿದಿದೆ. ‘ನಾನು ಕರ್ಣ’ ಎಂದು ಶುರುವಾಗುತ್ತದೆ, ಮುಂದಿನ ವಾಕ್ಯದಿಂದಲೇ ಎಲ್ಲ ಬಲ್ಲ ನಿರೂಪಕನ ಮಾತಾಗುತ್ತದೆ. ಸರ್ವನಾಮ ಮಾತ್ರ ಬದಲಾಗಿದೆ, ಕಣ್ಣು ಬದಲಾಗಿಲ್ಲ. ಪಾತ್ರದ ಕಣ್ಣು ಕನ್ನಡದಲ್ಲಿ ಹೇಗೆ ಬೆಳೆದು ಬಂತು, ವಿಡಿಯೊಗೆ ಬರುವಾಗ ಎಲ್ಲಿ ಕಳೆದುಹೋಯಿತು ಎಂಬುದನ್ನು ನೋಡಬೇಕು.

ಮೊದಲ ಹಂತ ರಾಜಾಸ್ಥಾನದ್ದು. ಪಂಪ 941ರಲ್ಲಿ ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಂಡು ಭಾರತ ಬರೆದ. ರನ್ನ ಭೀಮನಲ್ಲಿ ಸತ್ಯಾಶ್ರಯನನ್ನು ಕಂಡು ಗದಾಯುದ್ಧ ಬರೆದ. ಅನ್ನ ಕೊಟ್ಟವನನ್ನು ನಾಯಕನ ಜಾಗದಲ್ಲಿ ಕೂರಿಸಿದ ಮೇಲೂ ಇಬ್ಬರ ಮನಸ್ಸೂ ಎದುರಾಳಿಯ ಕಡೆ ವಾಲಿತು. ಓದಿದವರ ನೆನಪಿನಲ್ಲಿ ಇವತ್ತಿಗೂ ಉಳಿದಿರುವುದು ಪಂಪನ ಕರ್ಣ, ರನ್ನನ ದುರ್ಯೋಧನ. ಆದರೂ ಇದು ಸೋತವನಿಗೆ ಸಂದ ಗೌರವ. ಕವಿ ಅವನನ್ನು ನೋಡಿ ಮರುಗುತ್ತಾನೆ, ಅವನ ಕಣ್ಣೊಳಗೆ ಕೂತು ಇಡೀ ಕಥೆಯನ್ನು ನೋಡುವುದಿಲ್ಲ.

ಆ ಕೆಲಸಕ್ಕೆ ಹತ್ತಿರ ಬಂದದ್ದು ಆಟದ ಅಂಗಳ. ತುಮಕೂರು ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಕಥೆ ಮುಂದುವರಿಯುವುದಿಲ್ಲ. ಸಾರಥಿ ಎದುರು ನಿಂತು ನೀವು ಯಾರು, ಯಾವ ದೇಶದವರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರ ತನ್ನ ಬಾಯಿಂದಲೇ ತನ್ನನ್ನು ಹೇಳಿಕೊಳ್ಳಬೇಕು. ರಾಕ್ಷಸನಾದರೂ ಅಷ್ಟೇ, ದೇವರಾದರೂ ಅಷ್ಟೇ. ವಿಡಿಯೊ ಬರೆಯುವವರು ಇದರಿಂದ ಕಲಿಯಬಹುದಾದದ್ದು ಆ ಮೂರನೆಯ ಪ್ರಶ್ನೆಯನ್ನು: ಬಂದ ಕಾರಣವೇನು? ಇದಕ್ಕೆ ಉತ್ತರವಿಲ್ಲದ ಪಾತ್ರ ಎಷ್ಟು ಚೆನ್ನಾಗಿ ಮಾತಾಡಿದರೂ ಬರೀ ವರದಿಗಾರ.

ಆಮೇಲೆ ಕಂಪನಿ ನಾಟಕದ ಕಾಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ, ಬೆಳ್ಳಾವೆಯ ನರಹರಿ ಶಾಸ್ತ್ರಿಗಳಂಥ ನಾಟಕಕಾರರು, ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’, ಇವೆಲ್ಲ ಸೇರಿ ಈ ಭಾಗದ ಹಳ್ಳಿಗಳಿಗೆ ಪೌರಾಣಿಕ ನಾಟಕದ ಹುಚ್ಚು ಹಿಡಿಸಿದವು. ಅದು ಇಂದಿಗೂ ಬಿಟ್ಟಿಲ್ಲ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ, ಸೀನರಿ ಮತ್ತು ಡ್ರೆಸ್ಸು ಬಾಡಿಗೆಗೆ ಬರುತ್ತವೆ, ಖರ್ಚನ್ನು ಪಾತ್ರಧಾರಿಗಳೇ ಹಂಚಿಕೊಳ್ಳುತ್ತಾರೆ. ಪಾರ್ಟು ದೊಡ್ಡದಾದಷ್ಟೂ ಪಾಲಿಗೆ ಬರುವ ದುಡ್ಡು ಹೆಚ್ಚು. ಕೃಷ್ಣ, ದುರ್ಯೋಧನ, ಕರ್ಣರಿಗೆ ಪೈಪೋಟಿ ನಡೆಯುತ್ತದೆ. ದೂತ, ದ್ವಾರಪಾಲಕರ ಪಾರ್ಟಿಗೆ ಕಂದವೂ ಇಲ್ಲ, ಸೀಸಪದ್ಯವೂ ಇಲ್ಲ, ಚಪ್ಪಾಳೆಯೂ ಇಲ್ಲ. ಆದರೆ ಬೇರೆಯವರು ಬಂದು ಹಾಡಿ ಒಳಗೆ ಹೋಗುವಾಗ ಆ ಪಾರ್ಟಿನವನು ನಿಂತಲ್ಲೇ ನಿಂತು ಎಲ್ಲವನ್ನೂ ನೋಡುತ್ತಿರುತ್ತಾನೆ.

ಇಪ್ಪತ್ತನೆಯ ಶತಮಾನದ ಬರಹ ಆ ಜಾಗಕ್ಕೆ ಹೊರಳಿತು. ಬಿ.ಎಂ.ಶ್ರೀ. 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಕುವೆಂಪು ‘ಬೆರಳ್ಗೆ ಕೊರಳ್’ನಲ್ಲಿ ಏಕಲವ್ಯನನ್ನು ನಡುವೆ ನಿಲ್ಲಿಸಿದರು. 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಯ ಕೆಡುಕಿಗೆ ಭರತನ ಮೇಲಿನ ಮಮತೆಯ ಬೇರು ಕೊಟ್ಟರು. ಕೆಟ್ಟವಳು ಒಳ್ಳೆಯವಳಾದಳು ಎಂದಲ್ಲ, ಅವಳು ಹಾಗೆ ಮಾಡಿದ್ದಕ್ಕೆ ಕಾರಣ ಸಿಕ್ಕಿತು. 1979ರಲ್ಲಿ ಬಂದ ಭೈರಪ್ಪನವರ ‘ಪರ್ವ’ ಇನ್ನೂ ಮುಂದೆ ಹೋಯಿತು. ಅದು ತೆರೆದುಕೊಳ್ಳುವುದು ಹಸ್ತಿನಾವತಿಯಲ್ಲಲ್ಲ, ಮದ್ರದ ಮುದುಕ ಶಲ್ಯನ ಮನೆಯಲ್ಲಿ. ಅಲ್ಲಿಂದ ಒಬ್ಬೊಬ್ಬರ ನೆನಪಿನೊಳಗೆ ಹೊಕ್ಕು ಹೊರಡುತ್ತದೆ. ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಕನ್ನಡದ ಪುನರ್ಕಥನ ಗಳಿಸಿಕೊಂಡ ದೊಡ್ಡ ಹತ್ಯಾರು ಈ ತಿಳಿಯದಿರುವಿಕೆಯೇ ಎಂದು ನನ್ನ ಅನಿಸಿಕೆ.

ಟೀವಿ ಬಂದು ಆ ಹತ್ಯಾರನ್ನು ಕೆಳಗಿಟ್ಟಿತು. 1988ರಲ್ಲಿ ಶುರುವಾದ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದಲ್ಲಿ ಕಥೆ ಹೇಳುವವನು ಸಾಕ್ಷಾತ್ ಕಾಲಪುರುಷ. ಅವನಿಗೆ ಹಿಂದಿನದೂ ಗೊತ್ತು, ಮುಂದಿನದೂ ಗೊತ್ತು. ತೊಂಬತ್ತಕ್ಕೂ ಹೆಚ್ಚು ಕಂತಿನ ಧಾರಾವಾಹಿಗೆ ಅಂಥವನೊಬ್ಬ ಬೇಕಾಗಿದ್ದನೇನೋ. ಏಳೆಂಟು ನಿಮಿಷದ ವಿಡಿಯೊಗೆ ಬೇಡ. ಆದರೂ ಇಂದಿನ ಬಹುಪಾಲು ಸ್ಕ್ರಿಪ್ಟುಗಳು ಅವನ ದನಿಯನ್ನೇ ಕರ್ಣನಿಗೂ ಶಕುನಿಗೂ ಹಾಕಿ ಮಾತಾಡಿಸುತ್ತವೆ.

ಒಂದು ಪ್ರಸಂಗ ತೆಗೆದುಕೊಂಡು ನೋಡೋಣ. ಸಭಾಪರ್ವದ ದ್ಯೂತ. ಇದಕ್ಕೆ ಸಾಮಾನ್ಯವಾಗಿ ಆರಿಸುವ ಪಾತ್ರ ಕರ್ಣ ಅಥವಾ ವಿಕರ್ಣ. ಕರ್ಣನನ್ನು ಆರಿಸಿದವರು ಆ ಸಭೆಯಲ್ಲಿ ಅವನು ದ್ರೌಪದಿಯ ಬಗ್ಗೆ ಆಡಿದ ಮಾತನ್ನು ನುಂಗಿಬಿಡುತ್ತಾರೆ. ವಿಕರ್ಣ ಎದ್ದು ನ್ಯಾಯ ಹೇಳುತ್ತಾನೆ, ನಿಜ. ಆದರೆ ಅದಕ್ಕೆ ಮೊದಲು ಅಂತಃಪುರದಲ್ಲಿ ನಡೆದದ್ದು ಅವನಿಗೆ ಕಾಣದು. ಸುದ್ದಿ ಹೊತ್ತು ಎರಡೂ ಕಡೆ ಮತ್ತೆ ಮತ್ತೆ ಓಡಾಡಿದವನು ಒಬ್ಬನೇ, ದ್ರೌಪದಿಯನ್ನು ಕರೆತರಲು ಹೋದ ಪ್ರಾತಿಕಾಮಿ.

ವ್ಯಾಸಭಾರತದಲ್ಲಿ ಅವನ ಪಾಲು ಚಿಕ್ಕದು. ದುರ್ಯೋಧನ ಮೊದಲು ವಿದುರನಿಗೆ ಹೇಳುತ್ತಾನೆ, ವಿದುರ ಒಪ್ಪದೆ ಬುದ್ಧಿ ಹೇಳುತ್ತಾನೆ. ಆಗ ಸೂತಕುಲದ ಈ ಆಳಿಗೆ ಅಪ್ಪಣೆಯಾಗುತ್ತದೆ. ಅವನು ಹೋಗಿ ಸುದ್ದಿ ತಿಳಿಸುತ್ತಾನೆ. ದ್ರೌಪದಿ ಪ್ರಶ್ನೆ ಹಾಕಿ ಕಳಿಸುತ್ತಾಳೆ: ಆ ಜೂಜುಗಾರ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಅವನು ತುಂಬಿದ ಸಭೆಯಲ್ಲಿ ಧರ್ಮರಾಯನನ್ನು ಹಾಗೆಯೇ ಕೇಳುತ್ತಾನೆ. ಧರ್ಮರಾಯ ಉಸಿರೆತ್ತುವುದಿಲ್ಲ. ಅವಳೇ ಬಂದು ಕೇಳಲಿ ಎಂದು ದುರ್ಯೋಧನ ಮತ್ತೆ ಅಟ್ಟುತ್ತಾನೆ. ಎರಡನೆಯ ಸಲವೂ ಅವನು ಬರಿಗೈಲಿ ಮರಳುತ್ತಾನೆ. ಮೂರನೆಯ ಅಪ್ಪಣೆಗೆ ಅವನ ಕಾಲು ಏಳುವುದಿಲ್ಲ. ಸಭಾಸದರ ಕಡೆ ತಿರುಗಿ, ಆಕೆಗೆ ನಾನು ಏನೆಂದು ಹೇಳಲಿ ಎನ್ನುತ್ತಾನೆ. ಇವನು ಭೀಮನಿಗೆ ಹೆದರಿದ್ದಾನೆ ಎಂದು ದುರ್ಯೋಧನ ದುಶ್ಶಾಸನನನ್ನು ಎಬ್ಬಿಸುತ್ತಾನೆ. ಪ್ರಾತಿಕಾಮಿಯ ಕೆಲಸ ಅಲ್ಲಿಗೆ ಮುಗಿಯಿತು.

ಸ್ಕ್ರಿಪ್ಟಿಗೆ ಬೇಕಾದ ಕಟ್ಟು ಇದರಲ್ಲೇ ಇದೆ: ಮೂರು ಅಪ್ಪಣೆ, ಎರಡು ನಡಿಗೆ, ಒಂದು ನಿಲುಗಡೆ. ಕನ್ನಡವನ್ನು ನಿಧಾನವಾಗಿ ಓದಿದರೆ ನಿಮಿಷಕ್ಕೆ ನೂರು ಪದದ ಆಸುಪಾಸು. ಏಳು ನಿಮಿಷದ ವಿಡಿಯೊ ಎಂದರೆ ಮೌನ ಬಿಟ್ಟು ಆರುನೂರು ಪದ. ಪಗಡೆಯಾಟದ ಪೂರ್ವಕಥೆಗೆ ಅದರಲ್ಲಿ ಜಾಗವಿಲ್ಲ, ಅಗತ್ಯವೂ ಇಲ್ಲ. ಮೊದಲ ಮಾತೇ ಅಪ್ಪಣೆಯಾಗಲಿ. ಹೋಗುವ ದಾರಿಗೆ ಒಂದೂವರೆ ನಿಮಿಷ ಕೊಡಬಹುದು, ಏಕೆಂದರೆ ಹೇಗೆ ಹೇಳುವುದು ಎಂದು ಅವನು ಮಾತು ಹುಡುಕುವುದು ಆಗಲೇ. ‘ಅಮ್ಮಾ, ಮಹಾರಾಜ್ರು ಕರೀತಾವ್ರೆ.’ ಯಾವ ಮಹಾರಾಜ? ಬೆಳಿಗ್ಗೆ ಇದ್ದ ಮಹಾರಾಜ ಈಗ ಆಳು. ಹೀಗೆ ಅವನ ಮಾತು ತಡವರಿಸಿದಾಗ ಸೋಲು-ಗೆಲುವಿನ ವಿವರ ತಾನಾಗಿ ಬರುತ್ತದೆ, ಬೇರೆ ವಿವರಣೆ ಬೇಕಾಗುವುದಿಲ್ಲ. ದೂತ ಮಧುಗಿರಿ, ಶಿರಾ ಕಡೆಯ ಆಡುಮಾತಿನಲ್ಲಿ, ಸಭೆಯವರು ನಾಟಕದ ಭಾಷೆಯಲ್ಲಿ ಮಾತಾಡಿದರೆ ಯಾರ ಜಾಗ ಎಲ್ಲಿ ಎಂಬುದು ಕಿವಿಗೇ ತಿಳಿಯುತ್ತದೆ. ತೆಲುಗು ಮನೆಮಾತಿನ ಮಕ್ಕಳು ಬಹಳವಿರುವ ಪಾವಗಡದಲ್ಲಿ ಆಡುಮಾತನ್ನು ಸ್ವಲ್ಪ ತಿಳಿ ಮಾಡಬೇಕಾದೀತು.

ನಡುವಿನ ಘಟ್ಟ ದ್ರೌಪದಿಯ ಪ್ರಶ್ನೆ. ಅದು ಕಾನೂನಿನ ಪ್ರಶ್ನೆ: ತನ್ನನ್ನೇ ಸೋತು ದಾಸನಾದವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು? ಭೀಷ್ಮನೂ ಬಿಡಿಸಲಾಗದ ಈ ಪ್ರಶ್ನೆಯನ್ನು ಸಭೆಯಲ್ಲಿ ಮೊದಲು ಉಚ್ಚರಿಸಿದ್ದು ಒಬ್ಬ ಆಳು. ಹದಿನೈದು ವರ್ಷದವರಿಗೆ ಇದನ್ನು ಬಿಡಿಸಿ ಹೇಳಬಾರದು. ದೂತ ಕೇಳುತ್ತಾನೆ, ಯಾರೂ ಮಾತಾಡುವುದಿಲ್ಲ, ಹತ್ತು ಸೆಕೆಂಡು ಚಿತ್ರ ಹಾಗೆಯೇ ನಿಲ್ಲಲಿ.

ದ್ರೌಪದಿ ಏಕವಸ್ತ್ರೆ, ಮುಟ್ಟಾಗಿದ್ದಾಳೆ ಎಂಬ ವಿವರವನ್ನು ಮಕ್ಕಳ ವಿಡಿಯೊಗಳು ತೆಗೆದುಹಾಕುತ್ತವೆ. ಉಳಿಸಿಕೊಳ್ಳಬೇಕು. ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಆ ಸಭೆಗೆ ಕಾಲಿಡುವುದು ಏನೆಂದು ಒಂದೇ ವಾಕ್ಯದಲ್ಲಿ ಅರ್ಥವಾಗುತ್ತದೆ. ಸೀರೆ ಸೆಳೆಯುವ ದೃಶ್ಯವನ್ನು ತೋರಿಸಬೇಕಾಗಿಲ್ಲ. ಆಗ ದೂತ ಎಲ್ಲಿದ್ದ ಎಂದು ಮೂಲ ಹೇಳುವುದಿಲ್ಲವಾದ್ದರಿಂದ ಅವನನ್ನು ಬಾಗಿಲ ಹೊರಗೆ ನಿಲ್ಲಿಸಲು ನಮಗೆ ಸ್ವಾತಂತ್ರ್ಯವಿದೆ. ಕೇಳಿಸಿದ್ದಷ್ಟೇ ಅವನ ಪಾಲಿನದು.

ಈ ಸ್ವಾತಂತ್ರ್ಯಕ್ಕೆ ಗಡಿಯೂ ಇದೆ. ದೂತನ ಮನಸ್ಸು, ಕಾಲಿನ ನಡುಕ, ಮೊಗಸಾಲೆಯ ಉದ್ದ ನಾವು ಕಟ್ಟಬಹುದಾದವು. ಅವನು ದುರ್ಯೋಧನನಿಗೆ ಎದುರುತ್ತರ ಕೊಟ್ಟ, ದ್ರೌಪದಿಯನ್ನು ಬಚ್ಚಿಡಲು ನೋಡಿದ ಎಂದು ಬರೆದರೆ ಕೆಟ್ಟಿತು. ಅವನು ವೀರನಲ್ಲ. ಎರಡು ಸಲ ಹೋದ, ಮೂರನೆಯ ಸಲ ಹೋಗಲಾರದೆ ನಿಂತ. ಅವನು ದ್ರೌಪದಿಯ ಕೋಪಕ್ಕೆ ಅಂಜಿದ ಎಂದು ವ್ಯಾಸ ಹೇಳಿದರೆ, ದುರ್ಯೋಧನ ಅದನ್ನು ಭೀಮನ ಭಯ ಎಂದು ತೀರ್ಮಾನಿಸುತ್ತಾನೆ. ಎರಡರಲ್ಲಿ ಯಾವುದು, ಅಥವಾ ಎರಡೂ ಅಲ್ಲದ ಮೂರನೆಯದೋ ಎಂಬುದನ್ನು ನೋಡುವವರೇ ಚರ್ಚಿಸಲಿ.

ಬರೆದು ಮುಗಿದ ಮೇಲೆ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ಅವನಿಗೆ ಹೇಗೆ ಗೊತ್ತಾಯಿತು? ಶಕುನಿಯ ಒಳಸಂಚು, ಹದಿಮೂರು ವರ್ಷದ ನಂತರದ ಯುದ್ಧ, ಭೀಮನ ಶಪಥ ನೆರವೇರಿದ್ದು, ಉತ್ತರವಿಲ್ಲದ ಇಂಥ ವಾಕ್ಯಗಳೆಲ್ಲ ಹೊರಗೆ. ಕುರುಕುಲಕ್ಕೆ ಕೇಡು ಬಂತೆಂದು ಅವನು ಅಂಜಿದ ಮಾತು ಮೂಲದಲ್ಲೇ ಇದೆ, ಅದು ಉಳಿಯಲಿ. ಅಂಜಿಕೆ ಬೇರೆ, ಮಾಹಿತಿ ಬೇರೆ. ಮೊದಲ ಕರಡಿನಲ್ಲಿ ಮೂರನೇ ಒಂದು ಪಾಲು ಈ ಪ್ರಶ್ನೆಗೆ ಬಿದ್ದುಹೋದರೂ ಆಶ್ಚರ್ಯವಿಲ್ಲ, ಬಿದ್ದದ್ದರಿಂದ ಕಥೆ ಹಗುರಾಗುತ್ತದೆ.

ಈ ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳಲ್ಲಿ, ಮೊಬೈಲ್ ಹಿಡಿದ ಹುಡುಗರಲ್ಲಿ ಒಂದು ಕೋರಿಕೆ. ಇಂಥ ಸ್ಕ್ರಿಪ್ಟ್ ಬರೆಯಲು ಕೂರುವ ಮೊದಲು ನಿಮ್ಮೂರ ನಾಟಕದಲ್ಲಿ ದೂತನ ಪಾರ್ಟು ಮಾಡಿದವರು ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. ರಾತ್ರಿಯಿಡೀ ಮಾತಿಲ್ಲದೆ ನಿಂತಾಗ ಏನೇನು ಕಂಡಿತು ಎಂದು ಕೇಳಿ ಬರೆದುಕೊಳ್ಳಿ.